ಹಳೇ ಫೋನು, ಬ್ಯಾಟರಿ ಸೇವರ್ ಆ್ಯಪು ಮತ್ತು ರಾತ್ರಿಯಿಡೀ ಟವರ್ ಹುಡುಕುವ ಕೆಲಸ

ಹೊಸನಗರದಿಂದ ನಗರ ಎಂಬ ಊರಿನ ಕಡೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಒಳಗೆ ಇಳಿದರೆ ದೊಡ್ಡಪ್ಪನ ಮನೆ. ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ಕಳೆದ ಮಳೆಗಾಲದಲ್ಲಿ ಒಂದು ವಾರ ಅಲ್ಲಿದ್ದೆ. ಮೊದಲ ದಿನವೇ ದೊಡ್ಡಪ್ಪ ಫೋನ್ ತಂದು ಕೈಗೆ ಕೊಟ್ಟರು. "ರಾತ್ರಿ ಚಾರ್ಜ್ ಹಾಕಿ ಮಲಗ್ತೀನಿ, ಅಷ್ಟೊತ್ತಿಗೆ ಕರೆಂಟ್ ಹೋಗುತ್ತೆ. ಬೆಳಿಗ್ಗೆ ನೋಡಿದ್ರೆ ಅರ್ಧ ಇರಲ್ಲ. ಬ್ಯಾಟರಿ ಉಳಿಸೋ ಆ್ಯಪ್ ಬೇರೆ ಹಾಕಿದೀನಿ, ಆದ್ರೂ ನಿಲ್ಲಲ್ಲ ಮಾರಾಯ."

2020ರಲ್ಲಿ ಕೊಂಡ ಆಂಡ್ರಾಯ್ಡ್ ಫೋನ್ ಅದು. ಡಬ್ಬಿಯ ಮೇಲೆ 5,000 ಎಂಎಎಚ್ ಬ್ಯಾಟರಿ ಅಂತ ಬರೆದಿತ್ತು. ಆ್ಯಪ್ ತೆರೆದೆ. ಪರದೆ ತುಂಬ ಒಂದು ಕೆಂಪು ವೃತ್ತ, "12 ಆ್ಯಪ್‌ಗಳು ಬ್ಯಾಟರಿ ತಿನ್ನುತ್ತಿವೆ" ಎಂಬ ಎಚ್ಚರಿಕೆ, ಕೆಳಗೆ ದೊಡ್ಡ ಬಟನ್. ಒತ್ತಿದರೆ ಒಂದು ಫ್ಯಾನ್ ಗಿರಗಿರ ತಿರುಗಿತು, ವೃತ್ತ ಹಸಿರಾಯಿತು, ಒಂದು ಜಾಹೀರಾತು ಬಂತು. ಎರಡು ನಿಮಿಷ ಬಿಟ್ಟು ಮತ್ತೆ ತೆರೆದೆ. ಈ ಸಲ "11 ಆ್ಯಪ್‌ಗಳು ಬ್ಯಾಟರಿ ತಿನ್ನುತ್ತಿವೆ" ಎಂದಿತು.

ಇಲ್ಲಿ ಏನು ನಡೆಯಿತು ಅನ್ನುವುದು ಗೊತ್ತಾದರೆ ಇಂಥ ಆ್ಯಪ್‌ಗಳ ಅರ್ಧ ಕಥೆ ಗೊತ್ತಾದಂತೆ. ಬಟನ್ ಒತ್ತಿದಾಗ ಆ್ಯಪ್ ಮಾಡುವ ಕೆಲಸ ಒಂದೇ. ಹಿಂದೆ ಸುಮ್ನೆ ಕೂತಿರುವ ಬೇರೆ ಆ್ಯಪ್‌ಗಳನ್ನು ಮೆಮೊರಿಯಿಂದ ಹೊರಗೆ ಹಾಕಲು ನೋಡುತ್ತದೆ. ಆದರೆ ಮೆಮೊರಿಯಲ್ಲಿ ಸುಮ್ನೆ ಕೂತಿರುವ ಆ್ಯಪ್ ಹೆಚ್ಚುಕಡಿಮೆ ಏನನ್ನೂ ತಿನ್ನುವುದಿಲ್ಲ. ಮೆಮೊರಿ ತುಂಬಿದ್ದರೂ ಖಾಲಿ ಇದ್ದರೂ ಅದಕ್ಕೆ ಬೇಕಾದ ವಿದ್ಯುತ್ ಬಹುತೇಕ ಅಷ್ಟೇ. ಖರ್ಚು ಬರುವುದು ಆ್ಯಪ್ ಎದ್ದು ಕೆಲಸ ಮಾಡಿದಾಗ. ವಾಟ್ಸ್ಆ್ಯಪನ್ನು ಹೊರಗೆ ಹಾಕಿದಿರಿ ಅನ್ನಿ, ಮುಂದಿನ ಮೆಸೇಜ್ ಬಂದಾಗ ಫೋನ್ ಅದನ್ನು ಮತ್ತೆ ಮೊದಲಿಂದ ಎಬ್ಬಿಸಬೇಕು. ಹಾಗೆ ಎಬ್ಬಿಸಲು ಪ್ರೊಸೆಸರ್‌ಗೆ ಜಾಸ್ತಿ ಕೆಲಸ. ಬಚ್ಚಲ ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ಇದ್ದರೆ ಬೆಳಿಗ್ಗೆ ಎರಡು ಸೋಗೆ ಇಟ್ಟು ಊದಿದರೆ ಸಾಕು, ಉರಿ ಹತ್ತುತ್ತದೆ. ರಾತ್ರಿ ನೀರು ಹೊಯ್ದು ಆರಿಸಿಬಿಟ್ಟರೆ, ಮಳೆಗಾಲದ ಹಸಿ ಸೌದೆಯಲ್ಲಿ ಮತ್ತೆ ಹೊಸದಾಗಿ ಹೊತ್ತಿಸಬೇಕು. ಸೇವರ್ ಆ್ಯಪ್ ಗಂಟೆಗೊಂದು ಸಲ ಹೀಗೆ ನೀರು ಹೊಯ್ಯುತ್ತದೆ.

ಈ ಆ್ಯಪ್‌ಗಳಿಗೆ ಒಳ್ಳೆಯ ಹೆಸರು ಎಲ್ಲಿಂದ ಬಂತು ಅಂದರೆ, ಒಂದು ಕಾಲದಲ್ಲಿ ಅವಕ್ಕೆ ನಿಜಕ್ಕೂ ಕೆಲಸವಿತ್ತು. ಹಳೆಯ ಆಂಡ್ರಾಯ್ಡ್‌ನಲ್ಲಿ ಯಾವ ಆ್ಯಪ್ ಬೇಕಾದರೂ ಯಾವಾಗ ಬೇಕಾದರೂ ಫೋನನ್ನು ಎಬ್ಬಿಸಬಹುದಿತ್ತು, ಹೇಳುವವರು ಕೇಳುವವರು ಇರಲಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಲ್ಲಿ ಡೋಜ್ ಎಂಬ ಏರ್ಪಾಡು ಬಂತು. ಚಾರ್ಜರ್ ಇಲ್ಲದೆ, ಪರದೆ ಆರಿ, ಫೋನ್ ಅಲುಗಾಡದೆ ಸ್ವಲ್ಪ ಹೊತ್ತು ಬಿದ್ದಿದ್ದರೆ, ಸಿಸ್ಟಮ್ಮೇ ಎಲ್ಲ ಆ್ಯಪ್‌ಗಳ ಕೆಲಸವನ್ನು ತಡೆಹಿಡಿದು, ಆಗಾಗ ಒಂದು ಚಿಕ್ಕ ಬಿಡುವು ಕೊಡುತ್ತದೆ. ಅಷ್ಟರೊಳಗೆ ಎಲ್ಲರೂ ಕೆಲಸ ಮುಗಿಸಿಕೊಳ್ಳಬೇಕು. 2017ರ ಆಂಡ್ರಾಯ್ಡ್ 8 ಹಿನ್ನೆಲೆ ಕೆಲಸಕ್ಕೆ ಇನ್ನಷ್ಟು ಕಡಿವಾಣ ಹಾಕಿತು. 2018ರ ಆಂಡ್ರಾಯ್ಡ್ 9 ನೀವು ಯಾವ ಆ್ಯಪನ್ನು ಎಷ್ಟು ಬಳಸುತ್ತೀರಿ ಎಂದು ನೋಡಿ, ಬಳಸದವುಗಳನ್ನು ಹಿಂದಿನ ಸಾಲಿಗೆ ತಳ್ಳಲು ಶುರುಮಾಡಿತು. 2023ರ ಆಂಡ್ರಾಯ್ಡ್ 14ರಲ್ಲಂತೂ, ಒಂದು ಸಾಮಾನ್ಯ ಆ್ಯಪ್ ಇನ್ನೊಂದು ಆ್ಯಪಿನ ಹಿನ್ನೆಲೆ ಕೆಲಸವನ್ನು ನೇರವಾಗಿ ಕೊಲ್ಲುವ ದಾರಿಯನ್ನೇ ಮುಚ್ಚಿದರು. ಆ ದಾರಿಯನ್ನು ನಂಬಿದ ಸೇವರ್ ಆ್ಯಪ್ ಅಲ್ಲಿ ಬೇರೆಯವರನ್ನು ಮುಟ್ಟಲಾರದು. ಆದರೂ ಫ್ಯಾನ್ ತಿರುಗುವ ಚಿತ್ರ ತೋರಿಸಲು ಅಡ್ಡಿಯಿಲ್ಲ.

ಕೆಲವು ಆ್ಯಪ್‌ಗಳು ಇದಕ್ಕೆ ಸುತ್ತುದಾರಿ ಹಿಡಿಯುತ್ತವೆ. ಅಂಗವಿಕಲರಿಗೆ ನೆರವಾಗಲಿ ಎಂದು ಇಟ್ಟಿರುವ Accessibility ಅನುಮತಿ ಕೇಳಿ ಪಡೆದುಕೊಂಡು, ನಿಮ್ಮ ಪರವಾಗಿ ತಾವೇ ಸೆಟ್ಟಿಂಗ್ಸ್ ತೆರೆದು ಒಂದೊಂದೇ ಆ್ಯಪಿನ Force stop ಬಟನ್ ಒತ್ತುತ್ತಾ ಹೋಗುತ್ತವೆ. ಇದರಲ್ಲಿ ಎರಡು ತೊಂದರೆ ಇದೆ. ಈ ಅನುಮತಿ ಇರುವ ಆ್ಯಪ್ ಪರದೆಯ ಮೇಲೆ ಬರುವುದನ್ನು ಓದಬಲ್ಲದು, ಬ್ಯಾಂಕಿನ ಮೆಸೇಜ್ ಕೂಡ. ಇನ್ನೊಂದು, ಹಾಗೆ ನಿಲ್ಲಿಸಿದ ಆ್ಯಪನ್ನು ನೀವೇ ಮತ್ತೆ ತೆರೆಯುವವರೆಗೆ ಅದಕ್ಕೆ ಮೆಸೇಜ್ ಬರುವುದಿಲ್ಲ. "ಅಡಿಕೆ ರೇಟ್ ಗ್ರೂಪಿನ ಮೆಸೇಜ್ ಎಲ್ಲ ಮಧ್ಯಾಹ್ನ ಒಟ್ಟಿಗೇ ಬಂದು ಬೀಳುತ್ತೆ" ಎಂದು ದೊಡ್ಡಪ್ಪ ಬೇರೆಯಾಗಿ ದೂರಿದ್ದರು. ಅದಕ್ಕೆ ನೆಟ್‌ವರ್ಕ್ ಕಾರಣ ಅಂದುಕೊಂಡಿದ್ದರು. ಅವರ ಫೋನಿನಲ್ಲಿ ಆ ಅನುಮತಿ ಆನ್ ಇತ್ತು.

ಹಾಗಾದರೆ ರಾತ್ರಿ ಚಾರ್ಜ್ ಹೋಗುತ್ತಿದ್ದದ್ದು ಎಲ್ಲಿಗೆ? ಅದನ್ನು ಊಹಿಸುವುದಕ್ಕಿಂತ ಅಳೆಯುವುದು ಸುಲಭ. ಹೇಗೂ ಒಂದು ವಾರ ಇರುವವನಿದ್ದೆ. ದಿನಾ ರಾತ್ರಿ ಒಂಬತ್ತಕ್ಕೆ 90 ಪರ್ಸೆಂಟ್ ಮಾಡಿ ಚಾರ್ಜರ್ ಕಿತ್ತು, ಅವರು ಯಾವಾಗಲೂ ಇಡುವ ನಡುಕೋಣೆಯ ಗೂಡಿನಲ್ಲೇ ಫೋನ್ ಇಟ್ಟು, ಬೆಳಿಗ್ಗೆ ಆರಕ್ಕೆ ನೋಡುವುದು ಅಂತ ಮಾಡಿಕೊಂಡೆವು. ಒಂದು ರಾತ್ರಿಗೆ ಒಂದೇ ಬದಲಾವಣೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ, ಅಲ್ವಾ?

ಮೊದಲ ರಾತ್ರಿ ಸೇವರ್ ಆ್ಯಪ್ ಇದ್ದ ಹಾಗೇ ಬಿಟ್ಟೆವು. ಬೆಳಿಗ್ಗೆ 58 ಇತ್ತು. ಒಂಬತ್ತು ಗಂಟೆಯಲ್ಲಿ 32 ಪರ್ಸೆಂಟ್ ಹೋಗಿತ್ತು, ಯಾರೂ ಮುಟ್ಟದೆ. ಎರಡನೇ ರಾತ್ರಿ ಆ್ಯಪ್ ತೆಗೆದುಹಾಕಿದೆ. ಬೆಳಿಗ್ಗೆ 64. ಅಂದರೆ ಆರು ಪಾಯಿಂಟ್ ಉಳಿಯಿತು. ಒಂದು ರಾತ್ರಿಗೂ ಇನ್ನೊಂದಕ್ಕೂ ಎರಡು ಮೂರು ಪಾಯಿಂಟ್ ಆಚೀಚೆ ಆಗುವುದು ಸಹಜ, ಹಾಗಾಗಿ ಆರನ್ನೂ ಆ್ಯಪಿನ ಲೆಕ್ಕಕ್ಕೇ ಬರೆಯಲಾರೆ. ಆದರೆ ಆ್ಯಪಿನಿಂದ ಉಳಿತಾಯ ಆಗುತ್ತಿಲ್ಲ ಅನ್ನುವುದಂತೂ ಕಂಡಿತು. ಅದು ಡೋಜ್‌ನ ಹಿಡಿತದಿಂದ ತನಗೆ ವಿನಾಯಿತಿ ಕೇಳಿ ಪಡೆದಿತ್ತು, ಹಾಗಾಗಿ ಬೇರೆ ಎಲ್ಲ ಮಲಗಿದ್ದರೂ ಅದು ಎಚ್ಚರವಿರುತ್ತಿತ್ತು.

ಮೂರನೇ ರಾತ್ರಿ ಫ್ಲೈಟ್ ಮೋಡ್ ಹಾಕಿ ಇಟ್ಟೆವು. ಬೆಳಿಗ್ಗೆ 87.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಒಂಬತ್ತು ಗಂಟೆಗೆ ಬರೀ ಮೂರು ಪರ್ಸೆಂಟ್. ಅಂದರೆ ಎರಡನೇ ರಾತ್ರಿ ಹೋದ 26ರಲ್ಲಿ ಹೆಚ್ಚಿನ ಪಾಲು ತಿಂದದ್ದು ಟವರ್ ಜೊತೆ ಮಾತಾಡುವ ಫೋನಿನ ರೇಡಿಯೊ, ಮತ್ತು ರೇಡಿಯೊ ಆನ್ ಇದ್ದರಷ್ಟೇ ಮಾಡಲಾಗುವ ಕೆಲಸಗಳು. ಫೋನ್ ಟವರ್ ಜೊತೆ ಸಂಪರ್ಕ ಉಳಿಸಿಕೊಳ್ಳಲು ರಾತ್ರಿಯಿಡೀ ಒದ್ದಾಡುತ್ತಿತ್ತು.

ಮಲೆನಾಡಿನಲ್ಲಿ ಇದು ಬಯಲುಸೀಮೆಗಿಂತ ದೊಡ್ಡ ವಿಷಯ. ಫೋನ್ ಟವರಿನ ಮಾತು ಕೇಳುವುದಷ್ಟೇ ಅಲ್ಲ, ತಾನೂ ತಿರುಗಿ ಮಾತಾಡಬೇಕು. ಟವರ್ ಹತ್ತಿರ ಇದ್ದರೆ ಪಿಸುಮಾತು ಸಾಕು. ನಡುವೆ ಗುಡ್ಡ, ಮರ, ದಪ್ಪ ಮಣ್ಣಿನ ಗೋಡೆ ಇದ್ದರೆ ಕೂಗಬೇಕು. 4ಜಿಯಲ್ಲಿ ಸಾಮಾನ್ಯ ಫೋನ್ ಗರಿಷ್ಠ 200 ಮಿಲಿವ್ಯಾಟ್ ಶಕ್ತಿಯಲ್ಲಿ ಕೂಗಬಲ್ಲದು, ಅಷ್ಟನ್ನು ಹೊರಗೆ ಕಳಿಸಲು ಬ್ಯಾಟರಿಯಿಂದ ಅದರ ಎಷ್ಟೋ ಪಟ್ಟು ಎಳೆಯುತ್ತದೆ. ಇನ್ನೂ ಕಷ್ಟದ್ದು ಸಿಗ್ನಲ್ ಬಂದು ಹೋಗಿ ಆಡುವುದು. ಪೂರ್ತಿ ಸಿಗ್ನಲ್ ಇಲ್ಲದ ಕಡೆ ಫೋನ್ ಕೆಲವು ಸಲ ಹುಡುಕಿ, ಸಿಗದಿದ್ದರೆ ಹುಡುಕುವ ಅಂತರವನ್ನು ದೂರ ಮಾಡಿಕೊಳ್ಳುತ್ತದೆ. ಒಂದು ಕಡ್ಡಿ ಬಂದು ಹೋಗುವ ಕಡೆ ಹಾಗಲ್ಲ. ಸಿಕ್ಕಿತು, ಹೆಸರು ನೋಂದಾಯಿಸಿತು, ಕಳೆಯಿತು, 2ಜಿಗೆ ಇಳಿಯಿತು, ಮತ್ತೆ 4ಜಿ ಕಂಡಿತು, ಮತ್ತೆ ನೋಂದಣಿ. ಪ್ರತಿ ಸಲವೂ ಕೂಗಾಟ. ಈ ಕೆಲಸ ನಡೆಯುವುದು ಮೋಡೆಮ್ ಎಂಬ ಬೇರೆಯದೇ ಭಾಗದಲ್ಲಿ. ಪ್ಲೇ ಸ್ಟೋರಿನಿಂದ ಇಳಿಸಿದ ಯಾವ ಆ್ಯಪಿಗೂ ಅದಕ್ಕೆ ಅಪ್ಪಣೆ ಕೊಡುವ ಅಧಿಕಾರವಿಲ್ಲ. ಸೇವರ್ ಆ್ಯಪಿಗೆ ಚಾರ್ಜ್ ಸೋರುತ್ತಿದ್ದ ಜಾಗ ಕೈಗೆ ಎಟುಕುತ್ತಲೇ ಇರಲಿಲ್ಲ.

ನಿಮ್ಮ ಫೋನಿನಲ್ಲೂ ಹೀಗಿದೆಯೇ ಅಂತ ಆ್ಯಪ್ ಇಲ್ಲದೆ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ About phone ತೆರೆದು, SIM status ಅನ್ನುವಲ್ಲಿ Signal strength ನೋಡಿ. ಕೆಲವು ಫೋನಿನಲ್ಲಿ ಇದು ಇನ್ನೊಂದು ಹೆಜ್ಜೆ ಒಳಗಿರುತ್ತದೆ. ಅಲ್ಲಿ ಮೈನಸ್ ಚಿಹ್ನೆಯ ಒಂದು ಸಂಖ್ಯೆ, ಮುಂದೆ dBm ಅಂತ ಇರುತ್ತದೆ. ಮೈನಸ್ ಆದ್ದರಿಂದ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಕೆಟ್ಟದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಚೆನ್ನಾಗಿದೆ ಅಂತ, ಮೈನಸ್ 110 ದಾಟಿದರೆ ಫೋನಿಗೆ ಕಷ್ಟ. ಹತ್ತು ಅಂಕಿ ವ್ಯತ್ಯಾಸ ಅಂದರೆ ಹತ್ತು ಪಟ್ಟು ಅನ್ನುವುದನ್ನು ನೆನಪಿಡಬೇಕು. ನಡುಕೋಣೆಯ ಗೂಡಿನಲ್ಲಿ ಮೈನಸ್ 117 ತೋರಿಸಿತು. ಫೋನ್ ಹಿಡಿದು ಮನೆಯೆಲ್ಲ ಓಡಾಡಿದೆ. ಜಗಲಿಯ ಕಿಟಕಿಯ ಹತ್ತಿರ ಮೈನಸ್ 101. ಹದಿನಾರು ಅಂಕಿ ಅಂದರೆ ಸುಮಾರು ನಲವತ್ತು ಪಟ್ಟು ಬಲವಾದ ಸಿಗ್ನಲ್, ಹತ್ತೇ ಹೆಜ್ಜೆ ದೂರದಲ್ಲಿ.

ಫೋನಿನಲ್ಲಿ ಎರಡನೇ ಸಿಮ್ ಕೂಡ ಇತ್ತು. ಶಿವಮೊಗ್ಗಕ್ಕೆ ಬಂದಾಗ ಬೇಕಾಗುತ್ತದೆಂದು ಹಾಕಿದ್ದು, ಊರಿನಲ್ಲಿ ಅದಕ್ಕೆ ಒಂದು ಕಡ್ಡಿ ಬಂದರೆ ಬಂತು. ಸೆಟ್ಟಿಂಗ್ಸ್‌ನ SIM ಪುಟದಲ್ಲಿ ಅದನ್ನು ಆಫ್ ಮಾಡಿದೆ. ಸಿಮ್ ತೆಗೆಯಬೇಕಿಲ್ಲ, ಪೇಟೆಗೆ ಹೊರಟಾಗ ಆನ್ ಮಾಡಿಕೊಂಡರಾಯಿತು. ನಾಲ್ಕನೇ ರಾತ್ರಿ ಸಿಮ್ ಮಾತ್ರ ಆಫ್, ಫೋನ್ ಅದೇ ಗೂಡಿನಲ್ಲಿ: ಬೆಳಿಗ್ಗೆ 71. ಐದನೇ ರಾತ್ರಿ ಫೋನನ್ನು ಜಗಲಿ ಕಿಟಕಿಗೆ ತಂದೆವು: 80. ಯಾವ ಆ್ಯಪೂ ಇಲ್ಲದೆ 32 ಪರ್ಸೆಂಟ್ ಹತ್ತಕ್ಕೆ ಇಳಿಯಿತು, ಕರೆ ಬರುವುದೂ ನಿಲ್ಲಲಿಲ್ಲ.

ಇಲ್ಲಿಗೆ ಅರ್ಧ ಲೆಕ್ಕ ಆಯಿತು. ಇನ್ನರ್ಧ ಬ್ಯಾಟರಿಯದು. ಲಿಥಿಯಂ ಬ್ಯಾಟರಿ ವಯಸ್ಸಾದಂತೆ ಎರಡು ರೀತಿಯಲ್ಲಿ ಸೊರಗುತ್ತದೆ. ಮೊದಲನೆಯದು, ಹಿಡಿಸುವುದು ಕಡಿಮೆಯಾಗುತ್ತದೆ. ಫೋನ್ ಮಾತ್ರ ತುಂಬಿದಾಗ 100 ಅಂತಲೇ ತೋರಿಸುತ್ತದೆ, ಯಾಕೆಂದರೆ ಅದು ಹೇಳುವುದು ಈಗಿನ ಕೊಡದ ಲೆಕ್ಕ, ಹೊಸದಿದ್ದಾಗಿನ ಕೊಡದ ಲೆಕ್ಕ ಅಲ್ಲ. ಇದನ್ನು ಅಳೆಯಲು ಆ್ಯಪ್ ಬೇಕಾಗುತ್ತದೆ, ಆದರೆ ಉಳಿಸುವ ಆ್ಯಪ್ ಅಲ್ಲ, ಅಳೆಯುವ ಆ್ಯಪ್. ಚಾರ್ಜ್ ಆಗುವಾಗ ಬ್ಯಾಟರಿಗೆ ಎಷ್ಟು ಎಂಎಎಚ್ ಹೋಯಿತು ಅಂತ ಎಣಿಸುವ AccuBattery ಥರದ್ದು. ಹಗಲು ಫೋನನ್ನು 20ಕ್ಕೆ ಇಳಿಸಿ, 80ರವರೆಗೆ ಮುಟ್ಟದೆ ಚಾರ್ಜ್ ಮಾಡಿದೆವು. ಒಳಗೆ ಹೋದದ್ದು 1,740 ಎಂಎಎಚ್. 60 ಪರ್ಸೆಂಟಿಗೆ ಅಷ್ಟಾದರೆ, 1,740ನ್ನು 0.6ರಿಂದ ಭಾಗಿಸಿದಾಗ ನೂರಕ್ಕೆ 2,900. ಡಬ್ಬಿಯ ಮೇಲಿದ್ದದ್ದು 5,000. ಮರುದಿನ ಇನ್ನೊಂದು ಸಲ ಮಾಡಿದಾಗಲೂ ಅದರ ಹತ್ತಿರವೇ ಬಂತು. ಇದು ಅಂದಾಜು, ಒಂದೇ ಸಲದ ಅಳತೆಯನ್ನು ನಂಬಬೇಡಿ, ಎರಡು ಮೂರು ಸಲ ನೋಡಿ. ನೋಡಿ ಆದ ಮೇಲೆ ಆ್ಯಪನ್ನು ತೆಗೆದುಬಿಡಬಹುದು.

ಈಗ ಎರಡನೇ ರಾತ್ರಿಯ ಲೆಕ್ಕವನ್ನು ಮತ್ತೆ ನೋಡೋಣ. 2,900ರಲ್ಲಿ 26 ಪರ್ಸೆಂಟ್ ಅಂದರೆ ಸುಮಾರು 750 ಎಂಎಎಚ್. ಅಷ್ಟೇ ಖರ್ಚು ಹೊಸ ಬ್ಯಾಟರಿಯಲ್ಲಾದರೆ 15 ಪರ್ಸೆಂಟ್ ಆಗುತ್ತಿತ್ತು. ಫೋನ್ ಹೊಸದಿದ್ದಾಗಲೂ ಅದೇ ಗೂಡಿನಲ್ಲಿ ಹೀಗೇ ಒದ್ದಾಡಿರಬೇಕು, ಕೊಡ ದೊಡ್ಡದಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಬ್ಯಾಟರಿ ಸೊರಗುವ ಎರಡನೇ ರೀತಿ ಜನಕ್ಕೆ ಹೆಚ್ಚು ಗಲಿಬಿಲಿ ಮಾಡುವಂಥದ್ದು. ಫೋನ್ 25 ಪರ್ಸೆಂಟ್ ತೋರಿಸುತ್ತಿರುತ್ತದೆ, ಕ್ಯಾಮೆರಾ ತೆರೆದ ಕೂಡಲೇ ಸ್ವಿಚ್ ಆಫ್. ಚಾರ್ಜರ್ ಸಿಕ್ಕಿಸಿ ಆನ್ ಮಾಡಿದರೆ ಮತ್ತೆ ಇಪ್ಪತ್ತರ ಮೇಲೆ ತೋರಿಸುತ್ತದೆ. ತೋಟದ ಮೋಟರ್ ಶುರುವಾದಾಗ ಮನೆಯ ಬಲ್ಬ್ ಮಂಕಾಗುವುದನ್ನು ನೋಡಿದ್ದೀರಲ್ಲ? ಲೈನಿನಲ್ಲಿ ಕರೆಂಟ್ ಇದೆ, ಆದರೆ ಒಮ್ಮೆಲೇ ಅಷ್ಟು ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಹಳೇ ಬ್ಯಾಟರಿಯ ಒಳಗೂ ತಡೆ ಬೆಳೆದಿರುತ್ತದೆ. ಕ್ಯಾಮೆರಾ, ಫ್ಲ್ಯಾಶ್, ಸಿಗ್ನಲ್ ಕಮ್ಮಿ ಇರುವಲ್ಲಿ ಮಾಡುವ ಕರೆ, ಇವೆಲ್ಲ ಮೋಟರ್ ಇದ್ದ ಹಾಗೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಫೋನ್ ತನ್ನನ್ನು ತಾನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಚಳಿಯಲ್ಲಿ ಈ ತಡೆ ಇನ್ನೂ ಹೆಚ್ಚುತ್ತದೆ. ಇದಕ್ಕೂ ಸೇವರ್ ಆ್ಯಪಿಗೂ ಸಂಬಂಧವೇ ಇಲ್ಲ. ಇರುವ ಮದ್ದು ಬ್ಯಾಟರಿ ಬದಲಾಯಿಸುವುದೊಂದೇ.

ದೊಡ್ಡಪ್ಪ ಮಳೆಯಲ್ಲಿ ನೆನೆದ ಫೋನನ್ನು ಒಣಗಲೆಂದು ಒಲೆಯ ಕಟ್ಟೆಯ ಮೇಲೆ ಇಡುತ್ತಿದ್ದರು. ನಮ್ಮ ಕಡೆ ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ದಯವಿಟ್ಟು ಇಡಬೇಡಿ. ಲಿಥಿಯಂ ಬ್ಯಾಟರಿಯನ್ನು ಬೇಗ ಮುದಿ ಮಾಡುವುದರಲ್ಲಿ ಬಿಸಿ ಮೊದಲನೆಯದು. ತುಂಬಿದ ಬ್ಯಾಟರಿಯನ್ನು ಬಿಸಿಯಲ್ಲಿ ಇಡುವುದು ಇನ್ನೂ ಕೆಟ್ಟದು. ಆಫ್ ಮಾಡಿ, ಒರೆಸಿ, ಫ್ಯಾನ್ ಗಾಳಿಗೆ ಇಟ್ಟರೆ ಸಾಕು, ಪೂರ್ತಿ ಒಣಗುವವರೆಗೆ ಚಾರ್ಜ್ ಹಾಕಬಾರದು.

ಹಾಗಾದರೆ ಬ್ಯಾಟರಿ ಸೇವರ್ ಅನ್ನುವುದೇ ಸುಳ್ಳಾ? ಅಲ್ಲ. ಫೋನಿನ ಜೊತೆಗೇ ಬರುವ, ಸೆಟ್ಟಿಂಗ್ಸ್‌ನ Battery ಪುಟದಲ್ಲಿರುವ Battery Saver ನಿಜಕ್ಕೂ ಕೆಲಸ ಮಾಡುತ್ತದೆ. ಅದು ಸಿಸ್ಟಮ್ಮಿನದೇ ಭಾಗ, ಹಾಗಾಗಿ ಅದರ ಕೈಗೆ ಅಧಿಕಾರವಿದೆ. ಆ್ಯಪ್‌ಗಳ ಹಿನ್ನೆಲೆ ಕೆಲಸ ಮತ್ತು ಲೊಕೇಶನ್ ಬಳಕೆಯನ್ನು ಅದು ನೇರವಾಗಿ ಕಡಿಮೆ ಮಾಡುತ್ತದೆ. ಕೆಲವು ಫೋನಿನಲ್ಲಿ ಪ್ರೊಸೆಸರ್ ವೇಗವನ್ನೂ ಇಳಿಸುತ್ತದೆ. ಕರೆಂಟ್ ಹೋಗಿ, ಯಾವಾಗ ಬರುತ್ತದೋ ತಿಳಿಯದ ದಿನ ಅದನ್ನು 15ಕ್ಕೆ ಕಾಯದೆ 60, 70 ಇರುವಾಗಲೇ ಹಾಕಿಕೊಳ್ಳಿ. ಅದೇ ಪುಟದಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಅನ್ನುವ ಪಟ್ಟಿಯೂ ಇರುತ್ತದೆ. ನೀವು ಬಳಸದ ಒಂದು ಆ್ಯಪ್ ಅಲ್ಲಿ ಮೇಲೆ ಕಂಡರೆ, ಅದೊಂದನ್ನೇ ತೆರೆದು Restricted ಮಾಡಬಹುದು. ಇಡೀ ಫೋನಿಗೆ ನೀರು ಹೊಯ್ಯುವ ಬದಲು, ಉರಿಯುತ್ತಿರುವ ಒಂದು ಕೊಳ್ಳಿಯನ್ನಷ್ಟೇ ಎಳೆದ ಹಾಗೆ. ವಾಟ್ಸ್ಆ್ಯಪ್ ಮತ್ತು ಅಲಾರಂಗೆ ಮಾತ್ರ ಹೀಗೆ ಮಾಡಬೇಡಿ.

ಸೇವರ್ ಆ್ಯಪ್ ತೆಗೆಯುವಾಗ ಸ್ವಲ್ಪ ಗಮನ ಬೇಕು. ಕೆಲವು ಆ್ಯಪ್‌ಗಳು ತಮ್ಮನ್ನು ತೆಗೆಯಲಾಗದಂತೆ ಡಿವೈಸ್ ಅಡ್ಮಿನ್ ಅನುಮತಿ ಪಡೆದಿರುತ್ತವೆ, Uninstall ಬಟನ್ ಮಂಕಾಗಿರುತ್ತದೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ Device admin ಅಂತ ಬರೆದು, ಅಲ್ಲಿ ಅದನ್ನು ಆಫ್ ಮಾಡಿ ಆಮೇಲೆ ತೆಗೆಯಬೇಕು. ಹಾಗೇ Display over other apps ಪಟ್ಟಿಯನ್ನೂ ಒಮ್ಮೆ ನೋಡಿ. ಬೇರೆ ಕೆಲಸ ಮಾಡುವಾಗ ಪರದೆ ತುಂಬ ಜಾಹೀರಾತು ಬರುತ್ತಿದ್ದರೆ, ಅದನ್ನು ತರುವ ಆ್ಯಪ್ ಹೆಚ್ಚಾಗಿ ಅಲ್ಲಿ ಸಿಗುತ್ತದೆ. ದೊಡ್ಡಪ್ಪನ ಫೋನಿನಲ್ಲಿ ಅಲ್ಲಿ ಮೂರು ಹೆಸರಿತ್ತು: ಬ್ಯಾಟರಿಯದು, ಫೋನ್ ಸ್ವಚ್ಛ ಮಾಡುತ್ತೇನೆ ಅನ್ನುವ ಒಂದು, ಚಾರ್ಜ್ ಆಗುವಾಗ ಮೀನು ಈಜುವುದನ್ನು ತೋರಿಸುವ ಇನ್ನೊಂದು. ಮೂರನ್ನೂ ತೆಗೆದೆ.

ಆ ವಾರ ಕಳೆದು ಶಿವಮೊಗ್ಗಕ್ಕೆ ಬರುವಾಗ ಫೋನನ್ನು ಜೊತೆಗೆ ತಂದು ಬ್ಯಾಟರಿ ಬದಲಾಯಿಸಿಕೊಟ್ಟೆ. 1,300 ರೂಪಾಯಿ ಆಯಿತು. ಅಂಗಡಿಯವರು ಹಳೇ ಬ್ಯಾಟರಿ ಕೈಗೆ ಕೊಟ್ಟಾಗ ಒಂದು ಬದಿ ಸ್ವಲ್ಪ ಉಬ್ಬಿತ್ತು. ಹಿಂದಿನ ಮುಚ್ಚಳ ಅಥವಾ ಪರದೆಯ ಅಂಚು ಮೇಲೆದ್ದಂತೆ ಕಂಡರೆ ಬ್ಯಾಟರಿ ಉಬ್ಬಿದೆ ಅಂತ ಅರ್ಥ, ಆಮೇಲೆ ಒಂದು ಸಲವೂ ಚಾರ್ಜ್ ಹಾಕಬಾರದು, ಒತ್ತಿ ಕೂರಿಸಲೂ ಬಾರದು. ಹೊಸದರ ಮೇಲೆ 5,000 ಎಂದು ಬರೆದಿತ್ತು. ಮನೆಗೆ ತಂದು ಅದೇ 20ರಿಂದ 80ರ ಅಳತೆ ಮಾಡಿದಾಗ ಲೆಕ್ಕ 4,600ರ ಹತ್ತಿರ ನಿಂತಿತು. ಒಪ್ಪಬಹುದಾದದ್ದು. 3,500 ಬಂದಿದ್ದರೆ ಮರುದಿನವೇ ಅಂಗಡಿಗೆ ತಿರುಗಿ ಒಯ್ಯುತ್ತಿದ್ದೆ. ಬರೆದದ್ದಕ್ಕಿಂತ ತೀರಾ ಕಡಿಮೆ ಹಿಡಿಸುವ ನಕಲಿ ಬ್ಯಾಟರಿಗಳು ಸಿಗುತ್ತವೆ, ಅದಕ್ಕೇ ಬದಲಾಯಿಸಿದ ವಾರದೊಳಗೆ ಅಳೆದುಬಿಡುವುದು ಒಳ್ಳೆಯದು.

ರಾತ್ರಿ ಫ್ಲೈಟ್ ಮೋಡ್ ಹಾಕಿಬಿಡಿ ದೊಡ್ಡಪ್ಪಾ, ಇನ್ನೂ ಉಳಿಯುತ್ತೆ ಅಂದೆ. ಅವರು ಒಪ್ಪಲಿಲ್ಲ. "ಮಳೆ ಹೊಳವಾದ್ರೆ ಕೊನೆಗೌಡ ಬೆಳಗಿನ ಜಾವವೇ ಫೋನ್ ಮಾಡ್ತಾನೆ, ಔಷಧಿ ಹೊಡೆಯೋಕೆ ಬರ್ಲಾ ಅಂತ. ಅದು ತಪ್ಪಿದ್ರೆ ಕೊಳೆ ಬಂದು ಅಡಿಕೆ ಉದುರುತ್ತೆ." ಅದು ಸರಿಯಾದ ಮಾತು. ಮನೆಗೆ ವೈಫೈ ಇದ್ದಿದ್ದರೆ ಫ್ಲೈಟ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ವೈಫೈ ಕಾಲಿಂಗ್ ಮೂಲಕ ಕರೆ ಬರುವಂತೆ ಮಾಡಬಹುದಿತ್ತು. ಅದಕ್ಕೆ ಫೋನೂ ಸಿಮ್ ಕಂಪನಿಯೂ ಎರಡೂ ಒಪ್ಪಬೇಕು, ಕರೆಂಟ್ ಹೋದಾಗ ರೌಟರ್ ಓಡಲು ಚಿಕ್ಕದೊಂದು ಯುಪಿಎಸ್ ಬೇಕು. ಅವರ ಮನೆಗೆ ಇನ್ನೂ ಇಂಟರ್ನೆಟ್ ಲೈನ್ ಬಂದಿಲ್ಲ. ಹಾಗಾಗಿ ಜಗಲಿಯ ಕಿಟಕಿಯ ಪಕ್ಕ, ಎರಚಲು ತಾಗದಷ್ಟು ಒಳಗೆ, ಗೋಡೆಗೆ ಒಂದು ಚಿಕ್ಕ ಹಲಗೆ ಹೊಡೆದುಕೊಟ್ಟು ಬಂದೆ. ಹೊಸ ಬ್ಯಾಟರಿಯ ಫೋನ್ ಈಗ ರಾತ್ರಿ ಅಲ್ಲಿರುತ್ತದೆ. ಮೊನ್ನೆ ಕೇಳಿದಾಗ, ಒಂಬತ್ತಕ್ಕೆ 90 ಇದ್ದದ್ದು ಬೆಳಿಗ್ಗೆ 84 ಇತ್ತು ಅಂದರು.